ಎಂಡಿ ದೊಡ್ಡವರೋ, ಸಿಇಒ ದೊಡ್ಡವರೋ?

ಕಂಪನಿ ಸೆಕ್ರೆಟರಿ ಕೆಲಸದಲ್ಲಿರುವ ನನ್ನನ್ನು ಸಣ್ಣ ಉದ್ಯಮಿಗಳು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಉತ್ತರ ವಿಸಿಟಿಂಗ್ ಕಾರ್ಡಿನಲ್ಲಿ ಸಿಗುವುದಿಲ್ಲ. ಆ ವ್ಯಕ್ತಿಗೆ ನಿರ್ದೇಶಕ ಮಂಡಳಿಯಲ್ಲಿ ಕುರ್ಚಿ ಇದೆಯೇ ಎಂದು ಮೊದಲು ನೋಡಬೇಕು.

2013ರ ಕಂಪನಿ ಕಾಯ್ದೆಯ ಪ್ರಕಾರ ಎಂಡಿ ಅಂದರೆ ಮೊದಲಿಗೆ ಒಬ್ಬ ನಿರ್ದೇಶಕ. ಆಡಳಿತದ ಬಹುಪಾಲು ಅಧಿಕಾರವನ್ನೂ ಆತನಿಗೆ ಒಪ್ಪಿಸಿರುತ್ತಾರೆ. ಒಮ್ಮೆಗೆ ಐದು ವರ್ಷಕ್ಕಿಂತ ಹೆಚ್ಚಿನ ಅವಧಿಗೆ ನೇಮಿಸುವಂತಿಲ್ಲ. ಸಿಇಒ ನಿರ್ದೇಶಕರಾಗಿರಲೇಬೇಕೆಂದಿಲ್ಲ, ಸಂಬಳದ ನೌಕರರಾಗಿಯೇ ಕಂಪನಿ ನಡೆಸಬಹುದು. ಇಬ್ಬರೂ ಬೇರೆಬೇರೆಯಾಗಿದ್ದರೆ ಮಂಡಳಿಯಲ್ಲಿ ಕೂರುವ ಎಂಡಿಯದೇ ಸಾಮಾನ್ಯವಾಗಿ ಮೇಲುಗೈ. ಈ ಗೊಂದಲವೇ ಬೇಡವೆಂದು ಅನೇಕ ಕಂಪನಿಗಳು ಎರಡೂ ಹುದ್ದೆಯನ್ನು ಒಬ್ಬರಿಗೇ ಕೊಡುತ್ತವೆ. ಇನ್ಫೋಸಿಸ್‌ನಲ್ಲಿ 2018ರಲ್ಲಿ ಬಂದ ಸಲೀಲ್ ಪಾರೇಖ್ ಸಿಇಒ ಕೂಡ, ಎಂಡಿ ಕೂಡ.

ಬ್ಯಾಂಕುಗಳಿಗೆ ಬಂದರೆ ಲೆಕ್ಕ ಎಲ್ಲ ಕಡೆ ಒಂದೇ ಅಲ್ಲ. ಕೆನರಾ ಬ್ಯಾಂಕಿನಲ್ಲಿ ಎಂಡಿ ಮತ್ತು ಸಿಇಒ ಆದವರೇ ಆಡಳಿತದ ತುದಿಯಲ್ಲಿದ್ದಾರೆ. ಸ್ಟೇಟ್ ಬ್ಯಾಂಕಿನಲ್ಲಿ ಮಾತ್ರ ಎಂಡಿಗಳು ಒಬ್ಬರಿಗಿಂತ ಹೆಚ್ಚು, ಅವರೆಲ್ಲರ ಮೇಲೆ ಛೇರ್ಮನ್.

ಹಣಕಾಸಿನ ಮುಖ್ಯಸ್ಥರಾದ ಸಿಎಫ್‌ಒ ದಿನನಿತ್ಯ ವರದಿ ಒಪ್ಪಿಸುವುದು ಸಿಇಒ ಅಥವಾ ಎಂಡಿಗೆ. ಹಾಗೆಂದು ಬರೀ ಕೈಕೆಳಗಿನವರಲ್ಲ. ಷೇರುಪೇಟೆಯಲ್ಲಿರುವ ಕಂಪನಿಗಳು, ಮತ್ತು 10 ಕೋಟಿ ಅಥವಾ ಅದಕ್ಕಿಂತ ಹೆಚ್ಚು ಪಾವತಿಯಾದ ಬಂಡವಾಳವಿರುವ ಪಬ್ಲಿಕ್ ಕಂಪನಿಗಳು ಪೂರ್ಣಾವಧಿ ಸಿಎಫ್‌ಒ ಇಟ್ಟುಕೊಳ್ಳಲೇಬೇಕು. ಅವರನ್ನು ನೇಮಿಸುವುದು ಮಂಡಳಿ; ಬ್ಯಾಲೆನ್ಸ್ ಶೀಟಿಗೆ ಅವರೂ ಸಹಿ ಹಾಕಬೇಕು. ಲೆಕ್ಕದಲ್ಲಿ ಎಡವಟ್ಟಾದರೆ ‘ಸಾಹೇಬರು ಹೇಳಿದರು, ಹಾಕಿದೆ’ ಎಂದು ಜಾರಿಕೊಳ್ಳುವುದು ಸುಲಭವಲ್ಲ.

ಜಿಎಂ, ಅಂದರೆ ಜನರಲ್ ಮ್ಯಾನೇಜರ್ ವಿಷಯ ಬೇರೆಯೇ. ಕಂಪನಿ ಕಾಯ್ದೆ ಈ ಹುದ್ದೆಗೆ ವ್ಯಾಖ್ಯೆಯನ್ನೇ ಕೊಟ್ಟಿಲ್ಲ. ಹುಬ್ಬಳ್ಳಿಯಲ್ಲಿ ಕೂರುವ ಜಿಎಂ ಇಡೀ ನೈಋತ್ಯ ರೈಲ್ವೆಗೆ ಮುಖ್ಯಸ್ಥರು. ಅನೇಕ ಸಾರ್ವಜನಿಕ ಉದ್ದಿಮೆಗಳಲ್ಲಿ ಜಿಎಂ ಮೇಲೆ ಕಾರ್ಯನಿರ್ವಾಹಕ ನಿರ್ದೇಶಕರು, ಅವರ ಮೇಲೆ ಮಂಡಳಿಯ ನಿರ್ದೇಶಕರು, ಕೊನೆಗೆ ಛೇರ್ಮನ್ನೂ ಎಂಡಿಯೂ ಆದ ಸಿಎಂಡಿ. ಖಾಸಗಿ ಕಾರ್ಖಾನೆಯಲ್ಲಾದರೆ ಒಂದೊಂದು ಘಟಕಕ್ಕೂ ಒಬ್ಬ ಜಿಎಂ ಇರಬಹುದು.

ಹಾಗಾಗಿ ಸಹಿಯ ಹೊತ್ತಿಗೆ ಎಚ್ಚರ ಬೇಕು. ಪೀಣ್ಯದ ಬಿಡಿಭಾಗ ತಯಾರಕರೊಬ್ಬರ ಕೈಗೆ ಮೂರು ವರ್ಷದ ಪೂರೈಕೆ ಒಪ್ಪಂದ ಬಂದಿದೆ, ಅದರ ಕೆಳಗೆ ಖರೀದಿ ವಿಭಾಗದ ಜಿಎಂ ಸಹಿ ಇದೆ ಎಂದುಕೊಳ್ಳಿ. ಕಾಯ್ದೆಯ 21ನೇ ಕಲಂ ಪ್ರಕಾರ ಎಂಡಿ, ಸಿಇಒ, ಸಿಎಫ್‌ಒ ತರಹದ ಪ್ರಮುಖ ಅಧಿಕಾರಿಗಳು ಕಂಪನಿಯ ಪರವಾಗಿ ಸಹಿ ಹಾಕಬಹುದು. ಉಳಿದ ನೌಕರರಿಗೆ ಮಂಡಳಿಯ ಅಧಿಕಾರ ಬೇಕು. ಆದ್ದರಿಂದ ಮಂಡಳಿ ನಿರ್ಣಯದ ದೃಢೀಕೃತ ಪ್ರತಿ ಕೇಳಿ ಪಡೆಯಿರಿ. ಅದರಲ್ಲಿ ಇಂಥ ಹುದ್ದೆಯವರು ಇಷ್ಟು ಮೊತ್ತದವರೆಗೆ ಸಹಿ ಹಾಕಬಹುದು ಎಂಬ ಮಿತಿ ಇದ್ದರೆ, ಒಪ್ಪಂದದ ಒಟ್ಟು ಮೌಲ್ಯವನ್ನು ಅದಕ್ಕೆ ಹೋಲಿಸಿ. ತಿಂಗಳ ಬಿಲ್ಲು ಮಿತಿಯೊಳಗಿದ್ದು ಮೂರು ವರ್ಷದ ಮೊತ್ತ ಮಿತಿ ದಾಟಿದ್ದರೆ, ಎಂಡಿಯ ಸಹಿ ಬರುವವರೆಗೆ ಸರಕು ಲೋಡ್ ಮಾಡಿಸಬೇಡಿ.