ಒಂದೇ ಗೇರುಬೀಜ, ಮೂರು ಲಾಭ: ಲಿಫೊ ಯಾಕೆ ಹೋಯಿತು?

ಮಂಗಳೂರಿನ ಬಂದರು ಪ್ರದೇಶದ ಗೇರುಬೀಜ ವ್ಯಾಪಾರಿಯೊಬ್ಬರ ಲೆಕ್ಕ ನೋಡುವಾಗ ಟ್ಯಾಲಿಯಲ್ಲಿ ದಾಸ್ತಾನಿನ ವಿಧಾನ `LIFO Annual` ಎಂದಿತ್ತು, ಅಂದರೆ ಕೊನೆಗೆ ಬಂದ ಮಾಲೇ ಮೊದಲು ಮಾರಾಟವಾಯಿತು ಎಂಬ ಲಿಫೊ ಲೆಕ್ಕ. ಗೋಡೌನಿನಲ್ಲಿ ಮಾತ್ರ ನಡೆಯುತ್ತಿದ್ದದ್ದು ತದ್ವಿರುದ್ಧ. "ಹಳತು ಮೊದಲು ಹೋಗ್ಬೇಕು ಮಾರಾಯ್ರೆ, ಇಲ್ಲದಿದ್ರೆ ಹುಳ ಹಿಡೀತದೆ" ಎಂದರು ಅವರು.

ವ್ಯತ್ಯಾಸ ಎಷ್ಟು ಎಂಬುದಕ್ಕೆ ಸುಲಭದ ಲೆಕ್ಕವೊಂದನ್ನು ಹಾಕೋಣ. ವರ್ಷದಲ್ಲಿ ಮೂರು ಸಲ, ತಲಾ 100 ಮೂಟೆ ಖರೀದಿ. ಮೂಟೆಗೆ ಮೊದಲು 8,000, ಆಮೇಲೆ 9,000, ಕೊನೆಗೆ 10,000 ರೂಪಾಯಿ. ಅದರಲ್ಲಿ 200 ಮೂಟೆ 11,000ದಂತೆ ಮಾರಿ 22 ಲಕ್ಷ ಬಂತು. ಮೊದಲು ಬಂದದ್ದು ಮೊದಲು ಹೋಯಿತು ಎಂದರೆ (ಅದೇ ಫಿಫೊ) ಮಾರಿದ ಮಾಲಿನ ಅಸಲು 17 ಲಕ್ಷ, ಲಾಭ 5 ಲಕ್ಷ. ಕೊನೆಗೆ ಬಂದದ್ದು ಮೊದಲು ಹೋಯಿತು ಎಂಬ ಲಿಫೊದಲ್ಲಿ ಅಸಲು 19 ಲಕ್ಷ, ಲಾಭ 3 ಲಕ್ಷ. ಒಟ್ಟು ಖರೀದಿಯ ಅಸಲನ್ನು ಎಲ್ಲ ಮೂಟೆಗಳಿಗೂ ಸಮನಾಗಿ ಹಂಚುವ ತೂಕದ ಸರಾಸರಿಯಲ್ಲಿ ಮೂಟೆಗೆ 9,000. ಲಾಭ 4 ಲಕ್ಷ. ಕೈಗೆ ಬಂದ ಹಣ ಮೂರರಲ್ಲೂ ಒಂದೇ. ವ್ಯತ್ಯಾಸವೆಲ್ಲ ಉಳಿದ 100 ಮೂಟೆಯ ಬೆಲೆಯಲ್ಲಿ ಅಡಗಿದೆ: 10 ಲಕ್ಷ, 8 ಲಕ್ಷ, 9 ಲಕ್ಷ.

ಬೆಲೆ ಏರುವ ಕಾಲದಲ್ಲಿ ಲಿಫೊ ಲಾಭವನ್ನು ಕಡಿಮೆ ತೋರಿಸುತ್ತದೆ, ತೆರಿಗೆಯೂ ಕಡಿಮೆ. ಅಮೆರಿಕದಲ್ಲಿ ಅದು ಬೇರೂರಿದ್ದು ಇದರಿಂದಲೇ. ಅಲ್ಲಿನ ತೆರಿಗೆ ಕಾನೂನು 1938ರಲ್ಲಿ ಚರ್ಮ ಹದಮಾಡುವವರಿಗೆ ಮತ್ತು ಕೆಲವು ಲೋಹದ ಉದ್ದಿಮೆಗಳಿಗೆ ಮಾತ್ರ ಅವಕಾಶ ಕೊಟ್ಟು, 1939ರಲ್ಲಿ ಎಲ್ಲರಿಗೂ ತೆರೆಯಿತು. ಆದರೆ ತೆರಿಗೆಗೆ ಲಿಫೊ ಬಳಸಿದವರು ಷೇರುದಾರರಿಗೂ ಅದೇ ಲಾಭ ತೋರಿಸಬೇಕೆಂಬ ಷರತ್ತು ಹಾಕಿತು. 1970ರ ದಶಕದ ಬೆಲೆಯೇರಿಕೆಯಲ್ಲಿ ಅಲ್ಲಿನ ಎಷ್ಟೋ ಕಂಪನಿಗಳು ಅದಕ್ಕೆ ಹೊರಳಿದವು.

ಅದರ ದೋಷ ಕಾಣುವುದು ನಿಧಾನವಾಗಿ. ವರ್ಷ ವರ್ಷವೂ ಲಿಫೊದಲ್ಲಿ 8,000ದ ಮೂಟೆಯೇ ಪುಸ್ತಕದಲ್ಲಿ ಉಳಿಯುತ್ತದೆ. ನಮ್ಮ ಕರಾವಳಿಯ ಮಳೆ, ತೇವಕ್ಕೆ ಅಂಥ ಮೂಟೆ ಎಂದೋ ಕೊಳೆತು ಹೋಗಿರುತ್ತಿತ್ತು! ಒಂದು ವರ್ಷ ಮಾಲು ಬಾರದೆ ದಾಸ್ತಾನು ಖಾಲಿಯಾದರೆ ಆ ಹಳೇ ಅಸಲಿಗೆ ಇಂದಿನ ಮಾರಾಟದ ಬೆಲೆ ಎದುರಾಗಿ, ವ್ಯಾಪಾರ ಚುರುಕಾಗದೆಯೇ ಲಾಭ ಜಿಗಿಯುತ್ತದೆ. ಭಾರತದಲ್ಲಿ 1999ರಲ್ಲಿ ಪರಿಷ್ಕೃತವಾದ ಎಎಸ್ 2 ಎಂಬ ಲೆಕ್ಕಪತ್ರ ಮಾನದಂಡ ಲಿಫೊವನ್ನು ಕೈಬಿಟ್ಟು ಫಿಫೊ, ತೂಕದ ಸರಾಸರಿ ಎರಡನ್ನೇ ಉಳಿಸಿತು. ಅಂತರರಾಷ್ಟ್ರೀಯ ಮಾನದಂಡದಿಂದ ಅದು ಹೋದದ್ದು 2003ರ ಪರಿಷ್ಕರಣೆಯಲ್ಲಿ. ಅಮೆರಿಕದಲ್ಲಿ ಇಂದಿಗೂ ಇದೆ.

ಹಾಗೆಂದು ಫಿಫೊ ದೋಷರಹಿತ ಅಲ್ಲ. ಗೇರುಬೀಜದ ಸುಗ್ಗಿಯ ನಡುವೆಯೇ ಮಾರ್ಚ್ 31 ಬರುತ್ತದೆ. ಆ ದಿನದ ದಾಸ್ತಾನು ಹೊಸ ಖರೀದಿಯ ದರದಲ್ಲಿ ಕೂರುತ್ತದೆ. ಬೆಲೆ ಕುಸಿದು ಮೂಟೆ 9,200ಕ್ಕಷ್ಟೇ ಮಾರಾಟವಾಗುವಂತಾದರೆ, ಅಸಲು ಅಥವಾ ಮಾರಿ ಸಿಗುವ ನಿವ್ವಳ ಬೆಲೆ, ಯಾವುದು ಕಡಿಮೆಯೋ ಅದನ್ನೇ ಬರೆಯಬೇಕು. ಆಗ ಫಿಫೊದ 10 ಲಕ್ಷ 9.2 ಲಕ್ಷಕ್ಕೆ ಇಳಿದು ಲಾಭ 4.2 ಲಕ್ಷವಾಗುತ್ತದೆ, ಸರಾಸರಿಯ 9 ಲಕ್ಷಕ್ಕೆ ಏನೂ ಆಗದು.

ನಿಮ್ಮ ಪುಸ್ತಕ ಯಾವ ದಾರಿಯಲ್ಲಿದೆ ಎಂದು ತಿಳಿಯಲು ಟ್ಯಾಲಿಯ `Stock Summary` ತೆರೆದು, ಮಾರ್ಚ್ 31ರ ದರವನ್ನು ಕೊನೆಯ ಖರೀದಿ ಬಿಲ್ಲಿನ ಪಕ್ಕ ಇಡಿ. ಬೆಲೆ ಏರಿದ ವರ್ಷದಲ್ಲಿ ಆ ದರ ಹೊಸ ಬಿಲ್ಲಿಗೆ ಹತ್ತಿರವಿದ್ದರೆ ಫಿಫೊ, ವರ್ಷದ ಮೊದಲ ಬಿಲ್ಲಿಗೆ ಅಂಟಿಕೊಂಡಿದ್ದರೆ ಲಿಫೊ. ಬಂದರಿನ ಆ ವ್ಯಾಪಾರಿಯದ್ದು ಮೊದಲ ಬಿಲ್ಲಿನ ದರವನ್ನೇ ತೋರಿಸುತ್ತಿತ್ತು.