ಬಿಲ್ಲಿನ ದಿನಗಳು, ಗೇಟಿನ ದಿನಗಳು

ಪೀಣ್ಯದ ಒಂದು ಬಿಡಿಭಾಗ ಕಾರ್ಖಾನೆಗೆ ಕಾರ್ಮಿಕರನ್ನು ಪೂರೈಸುವ ಗುತ್ತಿಗೆದಾರರ ಬಿಲ್ ನನ್ನ ಮೇಜಿಗೆ ಬಂದಿತ್ತು. 30 ಜನ, ತಲಾ 26 ದಿನ, ಒಟ್ಟು 780 ಮಾನವ ದಿನ. ಇಡೀ ತಿಂಗಳು ಒಬ್ಬರೂ ಒಂದು ದಿನವೂ ರಜೆ ಹಾಕಿಲ್ಲ ಎನ್ನುವ ಲೆಕ್ಕವೇ ನನ್ನನ್ನು ತಡೆಯಿತು. ಗೇಟಿನ ಬೆರಳಚ್ಚು ಯಂತ್ರದ ದಾಖಲೆಯಲ್ಲಿ ಸಿಕ್ಕಿದ್ದು 741 ದಿನ.

ವ್ಯತ್ಯಾಸ ಕಂಡ ಕೂಡಲೇ 39 ದಿನಗಳ ಹಣ ಕಡಿಯುವುದು ಅನ್ಯಾಯ. ಮೊದಲು ರಾತ್ರಿ ಪಾಳಿಯನ್ನು ನೋಡಬೇಕು. ಹತ್ತಕ್ಕೆ ಒಳಬಂದವರು ಮರುದಿನ ಬೆಳಿಗ್ಗೆ ಆರಕ್ಕೆ ಹೊರಹೋಗುತ್ತಾರೆ. ದಿನಾಂಕದ ಪ್ರಕಾರ ಜೋಡಿಸಿದರೆ ಒಂದು ದಿನ ನಿರ್ಗಮನವಿಲ್ಲ, ಮರುದಿನ ಪ್ರವೇಶವಿಲ್ಲ, ಪಾಳಿಯೇ ಮಾಯ. ನಿರ್ಗಮನದ ಸಮಯವನ್ನು ಪ್ರವೇಶದ ಸಾಲಿಗೇ ತಂದು, ಎಕ್ಸೆಲ್‌ನಲ್ಲಿ ಹೀಗೆ ಗಂಟೆ ತೆಗೆಯುತ್ತೇನೆ (A2 ಪ್ರವೇಶ, B2 ನಿರ್ಗಮನ):

```
=MOD(B2-A2,1)*24
```

ಇದರಿಂದ 14 ದಿನ ಸರಿಹೋದವು. ಇನ್ನೊಂದು ದಿನ ಬೆಳಿಗ್ಗೆ ವಿದ್ಯುತ್ ಹೋಗಿ ಯಂತ್ರ ನಿಂತಿತ್ತು. ಕಾವಲುಗಾರರ ಕೈಬರಹದ ಪುಸ್ತಕದಲ್ಲಿ ಒಂಬತ್ತು ಹೆಸರುಗಳಿದ್ದವು. ಹೆಸರನ್ನು ಮಾತ್ರ ನಂಬದೆ ಗೇಟ್ ಪಾಸ್ ಸಂಖ್ಯೆಯಿಂದ ಹೊಂದಿಸಿದೆ, ಏಕೆಂದರೆ ಆ ಗುಂಪಿನಲ್ಲಿ ಮೂವರು ಮಂಜುನಾಥರಿದ್ದರು.

ಉಳಿದ 16 ದಿನಗಳು ಇಬ್ಬರವು, ತಲಾ ಎಂಟು. ಇಬ್ಬರೂ ತಿಂಗಳ ಕೊನೆಯ ಭಾಗದಲ್ಲಿ ಗೇಟಿನ ಕಡೆ ಸುಳಿದೇ ಇರಲಿಲ್ಲ, ಆದರೆ ಮೇಸ್ತ್ರಿಯ ಹಾಜರಿ ಪುಸ್ತಕದಲ್ಲಿ ಕೊನೆಯ ದಿನದವರೆಗೂ ಹಾಜರಾಗಿದ್ದರು. ಇದಕ್ಕೆ ಉತ್ತರ ಸಿಕ್ಕಿದ್ದು ಗುತ್ತಿಗೆದಾರರು ಪ್ರತಿ ತಿಂಗಳು ಪಿಎಫ್ ಕಚೇರಿಗೆ ಸಲ್ಲಿಸುವ ಲೆಕ್ಕಪಟ್ಟಿಯಾದ ಇಸಿಆರ್‌ನಲ್ಲಿ. ವೇತನವಿಲ್ಲದ ದಿನಗಳನ್ನು ತೋರಿಸುವ ಎನ್‌ಸಿಪಿ ಅಂಕಣದಲ್ಲಿ ಇಬ್ಬರ ಮುಂದೆಯೂ ಗುತ್ತಿಗೆದಾರರೇ ಎಂಟು ಎಂದು ನಮೂದಿಸಿದ್ದರು. ಪಿಎಫ್ ಕಚೇರಿಗೆ ಒಂದು ಲೆಕ್ಕ, ನಮಗೆ ಇನ್ನೊಂದು.

ಓವರ್‌ಟೈಮ್‌ನಲ್ಲಿ ತಪ್ಪು ಬೇರೆ ಬಗೆಯದು. ಎಂಟರ ಪಾಳಿಗೆ ಏಳೂವರೆಗೇ ಗೇಟು ದಾಟಿ ಚಹಾ ಕುಡಿಯುವವರಿದ್ದಾರೆ. ಗೇಟಿನ ದಾಖಲೆ ಹೇಳುವುದು ಆವರಣದೊಳಗೆ ಇದ್ದರೆಂದು ಮಾತ್ರ, ದುಡಿದರೆಂದು ಅಲ್ಲ. ಆದ್ದರಿಂದ ಮೇಲ್ವಿಚಾರಕರು ಸಹಿ ಹಾಕಿದ ಓವರ್‌ಟೈಮ್ ಚೀಟಿ ಮತ್ತು ಗೇಟಿನ ಗಂಟೆ, ಎರಡರಲ್ಲಿ ಕಡಿಮೆಯಾದುದನ್ನೇ ಒಪ್ಪುತ್ತೇನೆ.

ದಿನಕ್ಕೆ 800 ರೂಪಾಯಿಯಂತೆ 16 ದಿನಕ್ಕೆ 12,800, ಶೇ 18ರ ಜಿಎಸ್‌ಟಿ ಸೇರಿ 15,104 ರೂಪಾಯಿ. ಇಷ್ಟನ್ನು ಮಾತ್ರ ತಡೆಹಿಡಿದು, ಕ್ರೆಡಿಟ್ ನೋಟ್ ಕೇಳಿ, ಉಳಿದದ್ದನ್ನು ಪಾವತಿಗೆ ಕಳುಹಿಸಿದೆ. ಪೂರ್ತಿ ಬಿಲ್ ತಡೆದರೆ ಪೆಟ್ಟು ಬೀಳುವುದು ನಿಜವಾಗಿ ತಿಂಗಳಿಡೀ ದುಡಿದ 28 ಜನರ ಕೂಲಿಗೂ. ಗುತ್ತಿಗೆದಾರರು ಅದನ್ನು ಕೊಡದಿದ್ದರೆ ಕಾನೂನಿನ ಪ್ರಕಾರ ಕಾರ್ಖಾನೆಯೇ ಕೊಡಬೇಕು.