ಹಸಿರು ಗುರುತು ಹೇಳದ 127 ಬಿಲ್ಲುಗಳು

ಕೋಲಾರದ ಟೊಮೆಟೊ ಮಾರುಕಟ್ಟೆಯಲ್ಲಿ ನನ್ನ ಭಾವನವರದು ಒಂದು ಕಮಿಷನ್ ಮಂಡಿ. ಬೆಳಿಗ್ಗೆ ಹರಾಜಾದ ಬಾಕ್ಸುಗಳ ಲೆಕ್ಕವನ್ನು ಗುಮಾಸ್ತರು ಕಂಪ್ಯೂಟರಿಗೆ ಹತ್ತಿಸಿ ರೈತರಿಗೆ ಬಿಲ್ಲು ಕೊಡುತ್ತಾರೆ. ಎಷ್ಟು ಬಾಕ್ಸು, ಯಾವ ದರ, ಎಷ್ಟು ಮುಂಗಡ ಹೋಗಿದೆ, ಎಷ್ಟು ಬಾಕಿ, ಎಲ್ಲವೂ `mandi.db` ಎಂಬ ಒಂದೇ ಕಡತದಲ್ಲಿ. 2023ರ ಜುಲೈಯಲ್ಲಿ 15 ಕಿಲೋ ಬಾಕ್ಸಿನ ಬೆಲೆ ಎರಡು ಸಾವಿರ ರೂಪಾಯಿ ದಾಟಿದಾಗ ಭಾವನವರಿಗೆ ಆ ಕಡತದ ಮೇಲೆ ಇದ್ದಕ್ಕಿದ್ದಂತೆ ಭಯಭಕ್ತಿ ಹುಟ್ಟಿತು. ಯಾರೋ ಒಂದು ಸಣ್ಣ ಪ್ರೋಗ್ರಾಂ ಬರೆದುಕೊಟ್ಟರು. ರಾತ್ರಿ ಒಂಬತ್ತಕ್ಕೆ ಅದು ಕಡತವನ್ನು ಪೆನ್‌ಡ್ರೈವಿಗೆ ನಕಲು ಮಾಡಿ ಪರದೆಯ ಮೇಲೆ ಹಸಿರು ಗುರುತು ತೋರಿಸುತ್ತಿತ್ತು.

"ಇದರಿಂದ ಒಮ್ಮೆಯಾದರೂ ಲೆಕ್ಕ ವಾಪಸು ತೆಗೆದು ನೋಡಿದ್ದೀರಾ ಭಾವ?" ಎಂದು ಕೇಳಿದೆ.

"ಕಂಪ್ಯೂಟರ್ ಚೆನ್ನಾಗಿಯೇ ಇದೆಯಲ್ಲ, ಯಾಕೆ ತೆಗೆಯಬೇಕು?" ಎಂದರು.

ಒಂದು ಭಾನುವಾರ ಮಧ್ಯಾಹ್ನ, ಹರಾಜಿನ ಗದ್ದಲ ಇಳಿದ ಮೇಲೆ, ಪರೀಕ್ಷೆಗೆ ಕೂತೆವು. ಮಂಡಿಯ ಕಂಪ್ಯೂಟರು ಸುಟ್ಟುಹೋಗಿದೆ, ಕೈಯಲ್ಲಿರುವುದು ಪೆನ್‌ಡ್ರೈವ್ ಮತ್ತು ನನ್ನ ಹಳೆಯ ಲ್ಯಾಪ್‌ಟಾಪ್ ಮಾತ್ರ ಎಂದು ಅಂದುಕೊಳ್ಳಬೇಕೆಂಬುದು ಷರತ್ತು. ಮೂಲ ಕಂಪ್ಯೂಟರಿನಲ್ಲೇ ನಕಲನ್ನು ತೆರೆದು ನೋಡುವುದು ಪರೀಕ್ಷೆಯಲ್ಲ. ಅಲ್ಲಿ ಬೇಕಾದುದೆಲ್ಲ ಮೊದಲೇ ಇರುತ್ತದೆ, ಇಲ್ಲದ್ದು ಯಾವುದೆಂದು ಗೊತ್ತೇ ಆಗುವುದಿಲ್ಲ.

ಮೊದಲು ನಕಲು ಮೂಲಕ್ಕೆ ಸಮನಾಗಿದೆಯೇ ಎಂದು ನೋಡಿದೆವು. ಎರಡೂ ಕಡತಗಳಿಂದ ಎಸ್‌ಎಚ್‌ಎ-256 ಎಂಬ ಗಣಿತದ ಬೆರಳಚ್ಚನ್ನು ತೆಗೆಯಬಹುದು. ಒಂದು ಬಿಟ್ ವ್ಯತ್ಯಾಸವಾದರೂ ಬೆರಳಚ್ಚು ಪೂರ್ತಿ ಬೇರೆಯಾಗುತ್ತದೆ. ನಮ್ಮ ಎರಡೂ ಬೆರಳಚ್ಚುಗಳು ಅಕ್ಷರಕ್ಕೆ ಅಕ್ಷರ ಒಂದೇ ಆಗಿದ್ದವು. ಭಾವನವರು ಟೀಗೆ ಹೇಳಿಕಳಿಸಿದರು. ಆಮೇಲೆ ಲ್ಯಾಪ್‌ಟಾಪಿನಲ್ಲಿ ನಕಲನ್ನೇ ವಿಚಾರಿಸಿದೆವು:

```
sqlite3 mandi.db "PRAGMA integrity_check; SELECT max(bill_no), count(*) FROM bills;"
ok
4690|4690
```

`ok` ಎಂದರೆ ಕಡತದ ಒಳರಚನೆ ಎಲ್ಲೂ ಮುರಿದಿಲ್ಲ. ನಕಲಿನಲ್ಲಿದ್ದ ಕೊನೆಯ ಬಿಲ್ಲಿನ ಸಂಖ್ಯೆ 4690, ಒಟ್ಟು ಬಿಲ್ಲುಗಳೂ ಅಷ್ಟೇ. ಆದರೆ ಗುಮಾಸ್ತರು ಕಾಗದದ ಬಿಲ್ಲು ಪುಸ್ತಕ ತಿರುವಿದರು. ಶನಿವಾರ ರಾತ್ರಿ ನಕಲಾಗುವ ಮೊದಲು ಹರಿದುಕೊಟ್ಟ ಕೊನೆಯ ಬಿಲ್ಲಿನ ಸಂಖ್ಯೆ 4817. ಬೆರಳಚ್ಚು ಸರಿ, ರಚನೆ ಸರಿ, 127 ಬಿಲ್ಲುಗಳು ಮಾತ್ರ ನಾಪತ್ತೆ!

ಕಾರಣ ತಿಳಿಯಲು ಹಳೆಯ ಮಂಡಿಗಳ ಲೆಕ್ಕ ಬರೆಯುವ ಕ್ರಮವನ್ನೇ ನೆನೆದರೆ ಸಾಕು. ವ್ಯವಹಾರ ನಡೆದಂತೆ ಮೊದಲು ದಿನವಹಿಯಲ್ಲಿ ಗೀಚುತ್ತಿದ್ದರು, ಪುರಸೊತ್ತಾದಾಗ ಅದನ್ನು ಖಾತೆ ಪುಸ್ತಕಕ್ಕೆ ಏರಿಸುತ್ತಿದ್ದರು. ಸಣ್ಣ ಲೆಕ್ಕದ ಪ್ರೋಗ್ರಾಂಗಳು, ಮೊಬೈಲ್ ಆ್ಯಪ್‌ಗಳು ಬಹಳವಾಗಿ ನಚ್ಚಿರುವ ಎಸ್‌ಕ್ಯೂಲೈಟ್ ಎಂಬ ದತ್ತಸಂಚಯವೂ ಒಂದು ವಿಧಾನದಲ್ಲಿ ಹೀಗೆಯೇ ನಡೆದುಕೊಳ್ಳುತ್ತದೆ. ಹೊಸ ನಮೂದುಗಳು `mandi.db-wal` ಎಂಬ ಪಕ್ಕದ ಕಡತಕ್ಕೆ ಹೋಗುತ್ತವೆ. ಅದೇ ದಿನವಹಿ. ಅದು ಸಾವಿರ ಪುಟಗಳಷ್ಟು ತುಂಬಿದಾಗ, ಇಲ್ಲವೇ ಪ್ರೋಗ್ರಾಂ ಅನ್ನು ಸರಿಯಾಗಿ ಮುಚ್ಚಿದಾಗ, ಎಲ್ಲವನ್ನೂ ಮುಖ್ಯ ಕಡತಕ್ಕೆ ಏರಿಸಲಾಗುತ್ತದೆ. ಒಂದು ಪುಟ ಸಾಮಾನ್ಯವಾಗಿ 4096 ಬೈಟ್. ಒಂದು ಬಿಲ್ಲು ಐದಾರು ಪುಟಗಳನ್ನು ಬದಲಿಸುತ್ತದೆ ಎಂದುಕೊಂಡರೆ, ಸುಮಾರು 165ರಿಂದ 200 ಬಿಲ್ಲುಗಳವರೆಗೆ ದಿನವಹಿಯಲ್ಲೇ ಕೂತಿರಬಹುದು. ಮಂಡಿಯ ಕಂಪ್ಯೂಟರನ್ನು ಯಾರೂ ಆರಿಸುತ್ತಿರಲಿಲ್ಲ, ರಾತ್ರಿ ಮಲಗಿಸಿ ಬೆಳಿಗ್ಗೆ ಎಬ್ಬಿಸುತ್ತಿದ್ದರು, ಅಷ್ಟೇ. ಪ್ರೋಗ್ರಾಂ ಮುಚ್ಚುತ್ತಲೇ ಇರಲಿಲ್ಲ. ನಕಲು ಮಾಡುವ ಪ್ರೋಗ್ರಾಮಿಗೆ ಹೇಳಿದ್ದು `mandi.db` ಒಂದನ್ನೇ. ಅದು ಖಾತೆ ಪುಸ್ತಕವನ್ನು ಚಾಚೂ ತಪ್ಪದೆ ನಕಲು ಮಾಡಿತ್ತು. ದಿನವಹಿ ಮೇಜಿನ ಮೇಲೆಯೇ ಉಳಿದಿತ್ತು.

ಬೆರಳಚ್ಚು ಹೊಂದಿದ್ದು ಇದೇ ಕಾರಣಕ್ಕೆ. ಕೊನೆಯ ಬಾರಿ ಏರಿಸಿದ ಮೇಲೆ ಮುಖ್ಯ ಕಡತವನ್ನು ಯಾರೂ ಮುಟ್ಟಿಯೇ ಇರಲಿಲ್ಲ. ನನ್ನ ಮಟ್ಟಿಗೆ ಕೆಟ್ಟ ನಕಲಿಗಿಂತ ಇಂಥ ಚೊಕ್ಕ ನಕಲೇ ಹೆಚ್ಚು ಅಪಾಯಕಾರಿ. ಏರಿಸುವ ಹೊತ್ತಿಗೇ ಸರಿಯಾಗಿ ನಕಲು ನಡೆದು ಕಡತ ಹಾಳಾಗಿದ್ದರೆ `database disk image is malformed` ಎಂಬ ಕೂಗಾದರೂ ಕೇಳಿಸುತ್ತಿತ್ತು. ಇಲ್ಲಿ ಯಾವ ಕೂಗೂ ಇಲ್ಲ. ಅದನ್ನು ಹಿಡಿದುಕೊಟ್ಟದ್ದು ಕಂಪ್ಯೂಟರಿನ ಹೊರಗಿದ್ದ ಬಿಲ್ಲು ಪುಸ್ತಕ.

ಕಡತವನ್ನು ಸಿಂಕ್ ಮಾಡುವ ಕ್ಲೌಡ್ ಫೋಲ್ಡರಿಗೆ ಹಾಕಿಬಿಟ್ಟರಾಗದೇ ಎಂದು ಭಾವನವರು ಕೇಳಿದರು. ಸಿಂಕ್ ಕನ್ನಡಿಯಿದ್ದಂತೆ. ಇಲ್ಲಿ ಅಳಿಸಿದ್ದು ಅಲ್ಲಿಯೂ ಅಳಿಯುತ್ತದೆ, ಇಲ್ಲಿ ಕೆಟ್ಟದ್ದು ಅಲ್ಲಿಯೂ ಕೆಡುತ್ತದೆ. ಮೇಲಾಗಿ ಖಾತೆ ಒಂದು ಗಳಿಗೆಯದು, ದಿನವಹಿ ಇನ್ನೊಂದು ಗಳಿಗೆಯದು ಆಗಿ ಮೇಲೇರಿದರೆ ಎರಡಕ್ಕೂ ತಾಳೆಯಾಗುವುದಿಲ್ಲ.

ಪರಿಹಾರ ಸುಲಭವಾಗಿತ್ತು. ಕಡತವನ್ನು ಹೊರಗಿನಿಂದ ಎತ್ತಿಕೊಳ್ಳುವ ಬದಲು ದತ್ತಸಂಚಯವನ್ನೇ ನಕಲು ಕೊಡೆಂದು ಕೇಳಬೇಕು. ಆಗ ಅದು ದಿನವಹಿಯನ್ನೂ ಲೆಕ್ಕಕ್ಕೆ ಹಿಡಿದು, ಪ್ರೋಗ್ರಾಂ ತೆರೆದಿದ್ದರೂ, ಒಂದು ಗಳಿಗೆಯ ಪೂರ್ಣ ಚಿತ್ರವನ್ನು ಕೊಡುತ್ತದೆ:

```
sqlite3 mandi.db ".backup nakalu.db"
```

ಇಂಥ ಎಡವಟ್ಟು ಸಣ್ಣ ಮಂಡಿಗಳಿಗೇ ಮೀಸಲಲ್ಲ. 2017ರ ಜನವರಿ 31ರಂದು, ಪ್ರೋಗ್ರಾಂಗಳ ಕೋಡನ್ನು ಇಡಲು ಜಾಗ ಕೊಡುವ ಗಿಟ್‌ಲ್ಯಾಬ್ ಸಂಸ್ಥೆಯ ಎಂಜಿನಿಯರೊಬ್ಬರು ತಪ್ಪು ಸರ್ವರಿನಲ್ಲಿ ಆಜ್ಞೆ ಕೊಟ್ಟು ಮುಖ್ಯ ದತ್ತಸಂಚಯವನ್ನೇ ಅಳಿಸಿದರು. ನಿತ್ಯದ ಬ್ಯಾಕಪ್ ಹುಡುಕಿದರೆ ಇಡುವ ಜಾಗ ಖಾಲಿ. ಬ್ಯಾಕಪ್ ತೆಗೆಯುವ ಸಾಧನ ಅವರ ದತ್ತಸಂಚಯವಾದ ಪೋಸ್ಟ್‌ಗ್ರೆಸ್‌ನ 9.2 ಆವೃತ್ತಿಯದು, ದತ್ತಸಂಚಯ 9.6 ಆವೃತ್ತಿಯದು. ಹಾಗಾಗಿ ಅದು ಪ್ರತಿಸಲ ಸೋಲುತ್ತಿತ್ತು. ಸೋತೆನೆಂದು ಅದು ಕಳಿಸಿದ ಇಮೇಲ್‌ಗಳೂ ಡಿಜಿಟಲ್ ಸಹಿಯಿಲ್ಲವೆಂದು ತಿರಸ್ಕೃತವಾಗಿ ಯಾರಿಗೂ ತಲುಪಿರಲಿಲ್ಲ. ಬೇರೆ ಕೆಲಸಕ್ಕೆಂದು ಆರು ಗಂಟೆ ಮೊದಲು ಕೈಯಾರೆ ತೆಗೆದಿಟ್ಟಿದ್ದ ಒಂದು ಪ್ರತಿ ಅವರನ್ನು ಉಳಿಸಿತು. ಅದನ್ನು ನಿಧಾನದ ಡಿಸ್ಕಿನಿಂದ ಮರಳಿ ತರಲು ಸುಮಾರು 18 ಗಂಟೆ ಹಿಡಿಯಿತು. ಆ ಘಟನೆಯ ಬಗ್ಗೆ ಎಲ್ಲವನ್ನೂ ಅವರೇ ಬಹಿರಂಗವಾಗಿ ಬರೆದುಕೊಂಡದ್ದು ದೊಡ್ಡ ಉಪಕಾರ.

ಹಾಗಾಗಿ ನಮ್ಮ ಪರೀಕ್ಷೆಯಲ್ಲಿ ಗಡಿಯಾರವೂ ಸೇರಿತು. ಪ್ರತಿ ತಿಂಗಳ ಮೊದಲ ಭಾನುವಾರ ಗುಮಾಸ್ತರು ಬಿಲ್ಲು ಪುಸ್ತಕದಿಂದ ಮನಸ್ಸಿಗೆ ಬಂದ ಮೂರು ಸಂಖ್ಯೆಗಳನ್ನು ಚೀಟಿಯಲ್ಲಿ ಬರೆಯುತ್ತಾರೆ. ಒಂದು ಹಳೆಯದು, ಒಂದು ನಡುವಿನದು, ಇನ್ನೊಂದು ಶನಿವಾರ ರಾತ್ರಿಯ ಕಟ್ಟಕಡೆಯದು. ನಾನು ಬರಿಯ ಲ್ಯಾಪ್‌ಟಾಪಿನಲ್ಲಿ ಪ್ರೋಗ್ರಾಂ ಹಾಕಿ, ಪೆನ್‌ಡ್ರೈವಿನಿಂದ ಲೆಕ್ಕ ಎತ್ತಿ, ಆ ಮೂರನ್ನೂ ಮುದ್ರಿಸಿ ತೋರಿಸಬೇಕು. ಶುರುವಾದ ಹೊತ್ತು, ಮುಗಿದ ಹೊತ್ತು, ಕೊನೆಯ ಬಿಲ್ಲಿನ ಸಂಖ್ಯೆ ಮತ್ತು ಎಡವಿದ ಜಾಗವನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತೇವೆ. ಮೂರು ಬಿಲ್ಲುಗಳಿಂದ ಸಾವಿರಾರು ಬಿಲ್ಲುಗಳು ಸರಿಯೆಂದು ಸಿದ್ಧವಾಗುವುದಿಲ್ಲ ನಿಜ. ಅದಕ್ಕೇ ತಿಂಗಳ ಒಟ್ಟು ಕಮಿಷನ್ ಮೊತ್ತವನ್ನೂ ಕಾಗದದ ಮೊತ್ತದೊಡನೆ ತಾಳೆ ನೋಡುತ್ತೇವೆ.

ಎರಡನೆಯ ತಿಂಗಳು ಸಂಖ್ಯೆಗಳೆಲ್ಲ ಕೂಡಿ ಬಂದವು. ನಲವತ್ತು ನಿಮಿಷದಲ್ಲಿ ಮೊದಲ ಬಿಲ್ಲು ಮುದ್ರಣವಾಯಿತು. ಗುಮಾಸ್ತರು ಅದನ್ನು ಕೈಗೆತ್ತಿಕೊಂಡು, "ಸರ್, ಇದು ಯಾವ ಊರಿನ ರೈತರು?" ಎಂದರು. ಹೆಸರಿನ ಜಾಗದಲ್ಲಿ `PÀ£ÀßqÀ` ಎಂಬಂಥ ವಿಚಿತ್ರ ಅಕ್ಷರಗಳು. ಪ್ರೋಗ್ರಾಂ ಹಳೆಯದು, ಹೆಸರುಗಳನ್ನು ಯೂನಿಕೋಡ್ ಬದಲು ನುಡಿ ಫಾಂಟಿನ ಸಂಕೇತಗಳಲ್ಲಿ ಉಳಿಸುತ್ತಿತ್ತು. ಆ ಫಾಂಟ್ ಮಂಡಿಯ ಕಂಪ್ಯೂಟರಿನಲ್ಲಿತ್ತು, ನನ್ನ ಲ್ಯಾಪ್‌ಟಾಪಿನಲ್ಲಿ ಇರಲಿಲ್ಲ. ಈಗ ಪೆನ್‌ಡ್ರೈವಿನಲ್ಲಿ `nakalu.db` ಪಕ್ಕದಲ್ಲಿ ಪ್ರೋಗ್ರಾಮಿನ ಇನ್‌ಸ್ಟಾಲರ್ ಇದೆ, ಫಾಂಟಿನ ಕಡತವೂ ಇದೆ. ಮೂರನೆಯ ಭಾನುವಾರದ ಸಾಲಿನಲ್ಲಿ ಗುಮಾಸ್ತರು "26 ನಿಮಿಷ, ಹೆಸರು ಓದಲು ಬಂತು" ಎಂದು ಬರೆದಿದ್ದಾರೆ.